ಪಾರ್ಕಿಂಗ್ ಮೆಸೇಜಿಗೆ ಉತ್ತರ ಬರಬೇಕಾದರೆ

ವಿಜಯನಗರದ ಓದುಗರೇ, ನಿಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ನೀವು ಹಾಕಿದ ಉದ್ದನೆಯ ಮೆಸೇಜನ್ನು ಓದಿದೆ. ಆಂಬುಲೆನ್ಸ್ ಸಿಕ್ಕಿಕೊಂಡದ್ದು, ಕಾರುಗಳು ಹೆಚ್ಚಿದ್ದು, ಒಂದೇ ಬದಿ ನಿಲ್ಲಿಸಬೇಕೆಂಬುದು, ಎಲ್ಲವೂ ಅದರಲ್ಲಿದೆ. ತೀರ್ಮಾನವನ್ನೂ ನೀವೇ ಹೇಳಿಬಿಟ್ಟಿರುವುದರಿಂದ ಓದಿದವರಿಗೆ ಹೇಳಲು ಏನೂ ಉಳಿದಿಲ್ಲ.

ಆಂಬುಲೆನ್ಸ್ ವಿಷಯವನ್ನು ಎರಡು ಸಾಲಿನಲ್ಲಿ ಬೇರೆ ಮೆಸೇಜಾಗಿ ಹಾಕಿ. ಅದರ ಕೆಳಗೆ ಪೋಲ್: ‘ನಮ್ಮ ರಸ್ತೆಯಲ್ಲಿ ಕಾರು ಎಲ್ಲಿ ನಿಲ್ಲಿಸೋಣ?’ ಆಯ್ಕೆಗಳು: ‘ಈಗಿನಂತೆ ಎರಡೂ ಬದಿ’, ‘ಒಂದೇ ಬದಿ’, ‘ದಿನ ಬಿಟ್ಟು ದಿನ ಬದಿ ಬದಲು’, ‘ಯಾವುದಾದರೂ ಸರಿ’. ನಿಮಗೆ ಹಿಡಿಸದ ಮೊದಲ ಆಯ್ಕೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಮನೆಯಲ್ಲಿ ಎರಡು ಕಾರಿರುವವರು ಪೋಲನ್ನೇ ಮುಟ್ಟುವುದಿಲ್ಲ. ‘ಒಂದೇ ಬದಿ (ಸುರಕ್ಷಿತ)’ ಎಂದು ಬರೆದರೂ ನಿಮ್ಮ ಒಲವು ಬಯಲಾಗುತ್ತದೆ. ಯಾವ ಬದಿ ಎಂಬುದು ಬೇರೆಯೇ ಪ್ರಶ್ನೆ, ನಂತರ ಕೇಳಿ.

ಒಬ್ಬರು ಹಲವು ಉತ್ತರ ಒತ್ತುವ ಸೌಲಭ್ಯವನ್ನು ಆಫ್ ಮಾಡಿ, ಕೊನೆಯ ದಿನವನ್ನು ತಿಳಿಸಿ. ಯಾರು ಯಾವುದಕ್ಕೆ ಮತ ಹಾಕಿದರೆಂದು ಗುಂಪಿನವರಿಗೆಲ್ಲ ಕಾಣುತ್ತದೆ. ಪಕ್ಕದ ಮನೆಯವರ ಮುಲಾಜಿಗೆ ಹಲವರು ಸುಮ್ಮನಿದ್ದಾರೆ ಅನ್ನಿಸಿದರೆ ಚೀಟಿ ಹಂಚುವುದೇ ಒಳ್ಳೆಯದು. ಬಾಡಿಗೆದಾರರು ಗುಂಪಿನಲ್ಲಿಲ್ಲದಿದ್ದರೆ ಅವರನ್ನು ಮನೆಗೇ ಹೋಗಿ ಕೇಳಿ. ಬಂದ ಫಲಿತಾಂಶ ನಿಮ್ಮೊಳಗಿನ ಒಪ್ಪಂದವಷ್ಟೇ. ನೋ ಪಾರ್ಕಿಂಗ್ ಬೋರ್ಡು ಬೇಕಾದರೆ ಸಂಚಾರ ಪೊಲೀಸರಿಗೆ ಅರ್ಜಿ ಕೊಡಬೇಕು.