ತೆರೆಯ ಮೇಲಣ ಶ್ಲೋಕಕ್ಕೆ ಆಕರ

ಉಡುಪಿಯ ರಥಬೀದಿಯನ್ನೋ ಕಾಪುವಿನ ದೀಪಸ್ತಂಭವನ್ನೋ ಚಿತ್ರೀಕರಿಸಿ, ಅದರ ಮೇಲೆ ಗೀತೆಯ ಶ್ಲೋಕವೊಂದನ್ನು ಮೂಡಿಸಬಯಸುವ ಮಿತ್ರರು, ವಾಟ್ಸಾಪಿನಲ್ಲಿ ಬಂದ ಪಾಠವನ್ನು ನೆಚ್ಚದೆ, ಅಚ್ಚಾದ ಪುಸ್ತಕವನ್ನು ತೆರೆದು ನೋಡಬೇಕೆಂಬುದು ನನ್ನ ವಿನಂತಿ.

ಹದಿಮೂರನೆಯ ಅಧ್ಯಾಯವನ್ನೇ ನೋಡಿರಿ: ಕೆಲವು ಮುದ್ರಣಗಳಲ್ಲಿ ಅದು ಅರ್ಜುನನ ಪ್ರಶ್ನೆಯಿಂದ ಮೊದಲಾಗಿ 35 ಶ್ಲೋಕಗಳುಳ್ಳದ್ದಾದರೆ, ಆ ಪ್ರಶ್ನೆಯಿಲ್ಲದ ಮುದ್ರಣಗಳಲ್ಲಿ 34 ಮಾತ್ರ, ಆದುದರಿಂದ ಶರೀರವನ್ನು ಕ್ಷೇತ್ರವೆಂದು ಕರೆಯುವ ಶ್ಲೋಕವು ಒಂದರಲ್ಲಿ 13.1, ಮತ್ತೊಂದರಲ್ಲಿ 13.2. ಎರಡೂ ಸರಿಯೇ, ಯಾವ ಮುದ್ರಣವೆಂದು ತಿಳಿಸದಿರುವುದೇ ದೋಷ. ಸಂಖ್ಯೆಯ ಕೆಳಗೆ ಪ್ರಕಾಶಕರ ಹೆಸರನ್ನೂ ವರ್ಷವನ್ನೂ ಸಣ್ಣಕ್ಷರದಲ್ಲಿ ಕೊಟ್ಟರೆ ನೋಡುಗನು ತಾನೇ ಹುಡುಕಿಕೊಳ್ಳಬಲ್ಲನು.

ಮಧ್ವಾಚಾರ್ಯರ ಮಾತನ್ನು ಉದ್ಧರಿಸುವಾಗ ಎಚ್ಚರ ಇನ್ನೂ ಹೆಚ್ಚಿರಲಿ. ಗೀತೆಗೆ ಅವರು ಭಾಷ್ಯವನ್ನೂ ತಾತ್ಪರ್ಯವನ್ನೂ ಪ್ರತ್ಯೇಕವಾಗಿ ರಚಿಸಿರುವರು. ಅಲ್ಲದೆ, ಅವುಗಳಲ್ಲಿ ಪುರಾಣಾದಿಗಳ ವಾಕ್ಯಗಳನ್ನು ಹೇರಳವಾಗಿ ಎತ್ತಿಕೊಳ್ಳುವುದರಿಂದ, ಅಲ್ಲಿ ಕಂಡ ಸಾಲೆಲ್ಲ ಆಚಾರ್ಯರದೇ ಎನ್ನಲಾಗದು. ಸಾಲಿನ ಹಿಂದುಮುಂದನ್ನು ಓದಿರಿ. ಆಕರಗ್ರಂಥದ ಹೆಸರೋ, ‘ಇತಿ’ ಎಂಬ ಪದವೋ ಬೆನ್ನಿಗಿದ್ದರೆ ಅದು ಉದ್ಧೃತ ವಾಕ್ಯವಾಗಿರುವ ಸಂಭವವೇ ಹೆಚ್ಚು.

ಕಡೆಗೆ, ಸಿದ್ಧವಾದ ವಿಡಿಯೋವನ್ನು ಮೊಬೈಲಿನಲ್ಲಿ ತಡೆದು ನಿಲ್ಲಿಸಿ, ಪುಸ್ತಕದೊಡನೆ ಅಕ್ಷರಶಃ ಹೋಲಿಸಿರಿ: ವಿಸರ್ಗದ ಎಡೆಯಲ್ಲಿ ಇಂಗ್ಲಿಷಿನ ಎರಡು ಚುಕ್ಕೆಗಳು ಕುಳಿತಿರುವುದೂ, ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದಿರುವುದೂ ಅಲ್ಲಿಯೇ ಕಣ್ಣಿಗೆ ಬೀಳುವುವು.