ಆಫರ್ ಲೆಟರ್‌ನ ಸಂಖ್ಯೆ ಎಲ್ಲಿಂದ ಬರುತ್ತೆ?

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: "ಪ್ಯಾಕೇಜ್ ಎಷ್ಟು?" ಕ್ಯಾಂಪಸ್‌ನಿಂದ ಸೇರುವಾಗ ಒಂದು ಹುದ್ದೆಗೆ ಇಡೀ ಬ್ಯಾಚ್‌ಗೆ ಸಾಮಾನ್ಯವಾಗಿ ಒಂದೇ ಮೊತ್ತ, ಚೌಕಾಸಿಗೆ ಜಾಗ ಕಡಿಮೆ. ಆದರೆ ಎರಡು-ಮೂರು ವರ್ಷ ಆದಮೇಲೆ ಕೆಲಸ ಬದಲಾಯಿಸುವಾಗ ಎಚ್‌ಆರ್ ನಮಗೆ ಅಂತಲೇ ಒಂದು ಸಂಖ್ಯೆ ಹೇಳ್ತಾರೆ. ಆ ಸಂಖ್ಯೆ ಹೇಗೆ ಹುಟ್ಟುತ್ತೆ ಅಂತ ಈ ಸಲ ನೋಡೋಣ.

ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಪ್ರತಿ ಹಂತದ ಹುದ್ದೆಗೂ ಒಂದು ಪೇ ಬ್ಯಾಂಡ್ ಇರುತ್ತೆ. ಅಂದರೆ ಆ ಕೆಲಸಕ್ಕೆ ಕೊಡುವ ಕನಿಷ್ಠ ಸಂಬಳ, ಗರಿಷ್ಠ ಸಂಬಳ, ನಡುವೆ ಒಂದು ಮಿಡ್‌ಪಾಯಿಂಟ್. ಈ ಮಿಡ್‌ಪಾಯಿಂಟ್ ಬರೀ ಸರಾಸರಿ ಲೆಕ್ಕ ಅಲ್ಲ. ಸಂಬಳದ ಸರ್ವೇಗಳನ್ನು ನೋಡಿ, ಈ ಕೆಲಸ ಪೂರ್ತಿ ಬಲ್ಲವರಿಗೆ ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತೆ ಎನ್ನುವುದರ ಸುತ್ತ ಅದನ್ನು ನಿಗದಿ ಮಾಡ್ತಾರೆ. ನಮ್ಮ ಸಂಬಳವನ್ನು ಮಿಡ್‌ಪಾಯಿಂಟ್‌ನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರೋದೇ ಕಾಂಪಾ-ರೇಷಿಯೋ. 100 ಬಂದರೆ ಸರಿಯಾಗಿ ನಡುವೆ ಇದ್ದೇವೆ, 85 ಬಂದರೆ ಶೇ. 15 ಕೆಳಗೆ.

ಒಂದು ಉದಾಹರಣೆ ತಗೊಳ್ಳೋಣ. ಒಂದು ಕಂಪನಿಯ ಬ್ಯಾಂಡ್ 8 ಲಕ್ಷದಿಂದ 12 ಲಕ್ಷ, ಮಿಡ್‌ಪಾಯಿಂಟ್ 10 ಲಕ್ಷ. ಮೂರು ವರ್ಷ ಅನುಭವ ಇರುವ ಕಾವ್ಯ ಎಂಬುವವರು 10 ಲಕ್ಷ ಕೇಳ್ತಾರೆ ಅಂತ ಇಟ್ಕೊಳ್ಳಿ. ಬ್ಯಾಂಡ್ ಒಳಗೇ ಇದೆಯಲ್ಲ, ಕೊಡಬಹುದಲ್ವಾ?

ಎಚ್‌ಆರ್ ಮೊದಲು ನೋಡೋದು ಕಾವ್ಯಗೆ ಈ ಕೆಲಸ ಎಷ್ಟು ಗೊತ್ತು ಅಂತ. ಹುದ್ದೆಗೆ ಬೇಕಾದ ಕೌಶಲಗಳಲ್ಲಿ ಕೆಲವನ್ನು ಬಂದಮೇಲೆ ಕಲಿಯಬೇಕಿದ್ದರೆ ಆಫರ್ ಮಿಡ್‌ಪಾಯಿಂಟ್‌ಗಿಂತ ಕೆಳಗೇ ನಿಲ್ಲುತ್ತೆ. ಆಮೇಲೆ ಅದೇ ಟೀಮ್‌ನಲ್ಲಿ ಅದೇ ಕೆಲಸ ಮಾಡ್ತಿರೋರ ಪಟ್ಟಿ ತೆಗೀತಾರೆ. ಅಲ್ಲಿ ಮೂರು ವರ್ಷ ಅನುಭವದವರೊಬ್ಬರು 9.2 ಲಕ್ಷದಲ್ಲಿ, ನಾಲ್ಕು ವರ್ಷದವರು 9.6 ಲಕ್ಷದಲ್ಲಿ ಇದ್ದಾರೆ. ಅಂದರೆ 92 ಮತ್ತು 96. ಕಾವ್ಯಗೆ 10 ಲಕ್ಷ ಕೊಟ್ಟರೆ, ಹೆಚ್ಚು ಅನುಭವ ಇರುವ ಹಳಬರಿಗಿಂತ ಹೊಸಬರಿಗೆ ಜಾಸ್ತಿ ಆಗುತ್ತೆ. ಈ ವಿಷಯ ಟೀಮ್‌ನಲ್ಲಿ ಗೊತ್ತಾಗದೇ ಇರಲ್ಲ. ಹಾಗಾಗಿ ಆಫರ್ 9.2 ಲಕ್ಷದ ಆಸುಪಾಸಿಗೆ ಬರುತ್ತೆ. ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಜೊತೆಗೆ 60,000 ಜಾಯ್ನಿಂಗ್ ಬೋನಸ್ ಸೇರಿಸ್ತಾರೆ. ಯಾಕೆ ಬೋನಸ್ ಅಂದ್ರೆ, ಅದು ಒಂದೇ ಸಲ ಕೊಡೋದು; ಕಾಂಪಾ-ರೇಷಿಯೋ ಲೆಕ್ಕಕ್ಕೆ ಬರಲ್ಲ. ಮುಂದಿನ ವರ್ಷದ ಸಂಬಳದಲ್ಲೂ ಅದು ಇರಲ್ಲ ಅನ್ನೋದು ನಮಗೆ ನೆನಪಿರಬೇಕು.

ಇನ್ನು ನಮಗೆ ನಿಜವಾಗಿ ಲಾಭ-ನಷ್ಟ ಆಗುವ ಜಾಗ. ಕಾವ್ಯ ಕೈಯಲ್ಲಿ ಬೇರೆ ಎರಡು ಆಫರ್ ಇವೆ ಅಂದ್ಕೊಳ್ಳಿ. ಮೊದಲನೆಯದು 11.2 ಲಕ್ಷ, ಆ ಬ್ಯಾಂಡ್‌ನ ಮಿಡ್‌ಪಾಯಿಂಟ್ 10 ಲಕ್ಷ. ಎರಡನೆಯದು 10.8 ಲಕ್ಷ, ಆದರೆ ಒಂದು ಹಂತ ಮೇಲಿನ ಹುದ್ದೆ, ಮಿಡ್‌ಪಾಯಿಂಟ್ 13 ಲಕ್ಷ. ಮೊದಲನೆಯದರಲ್ಲಿ ಕಾಂಪಾ-ರೇಷಿಯೋ 112, ಎರಡನೆಯದರಲ್ಲಿ ಸುಮಾರು 83. ಬಹಳಷ್ಟು ಕಂಪನಿಗಳು ವಾರ್ಷಿಕ ಹೈಕ್ ಕೊಡುವಾಗ ರೇಟಿಂಗ್ ಜೊತೆ ಕಾಂಪಾ-ರೇಷಿಯೋನೂ ನೋಡ್ತವೆ. ರೇಟಿಂಗ್ ಒಂದೇ ಇದ್ದರೂ 83ರಲ್ಲಿ ಇರೋರಿಗೆ ಹೆಚ್ಚು ಶೇಕಡಾ, 112ರಲ್ಲಿ ಇರೋರಿಗೆ ಕಡಿಮೆ. ಗರಿಷ್ಠ ಮುಟ್ಟಿದರೆ ಬಡ್ತಿ ಸಿಗೋವರೆಗೂ ಸಂಬಳ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬಹುದು. ಇವತ್ತು 40,000 ಕಡಿಮೆ ಕಾಣುವ ಆಫರ್ ಎರಡು ವರ್ಷದಲ್ಲಿ ಮುಂದೆ ಹೋಗಬಹುದು.

ಹಾಗಂತ 83 ಯಾವಾಗಲೂ ಒಳ್ಳೇದು ಅಂತಲ್ಲ. ಆ ಹುದ್ದೆಯ ಕೆಲಸವನ್ನು ನಾವು ಈಗಾಗಲೇ ಪೂರ್ತಿ ಮಾಡಬಲ್ಲೆವಾದರೆ 83 ಅಂದರೆ ನಮ್ಮನ್ನು ಅಗ್ಗಕ್ಕೆ ತಗೊಳ್ತಿದ್ದಾರೆ ಎಂದರ್ಥ. ಬ್ಯಾಂಡ್ ಹಳೆಯದಾದರೂ ಲೆಕ್ಕ ಕೆಡುತ್ತೆ. ಮಾರುಕಟ್ಟೆ ಏರಿದರೂ ಮಿಡ್‌ಪಾಯಿಂಟ್ ಬದಲಾಯಿಸದಿದ್ದರೆ ಹೊಸಬರೆಲ್ಲ 110ರ ಮೇಲೆ ಸೇರ್ತಾರೆ, ಹಳಬರು 90ರಲ್ಲೇ ಉಳೀತಾರೆ. ಸೇರುವ ಮೊದಲು ಅಲ್ಲಿನ ಸೀನಿಯರ್‌ಗಳನ್ನು ವಿಚಾರಿಸಿದರೆ ಇದು ತಿಳಿಯುತ್ತೆ. ಚಿಕ್ಕ ಸ್ಟಾರ್ಟಪ್‌ಗಳಲ್ಲಂತೂ ಎಷ್ಟೋ ಸಲ ಬ್ಯಾಂಡೇ ಇರಲ್ಲ.

ಇನ್ನೊಂದು ಮಾತು: ಈ ಲೆಕ್ಕ ಸಾಮಾನ್ಯವಾಗಿ ಫಿಕ್ಸೆಡ್ ಸಂಬಳದ ಮೇಲೆ ನಡೆಯುತ್ತೆ. ಸಿಟಿಸಿಯಲ್ಲಿ ಗ್ರಾಚ್ಯುಟಿ, ಬೋನಸ್ ಎಲ್ಲ ಸೇರಿರುತ್ತೆ, ಅದನ್ನು ಹಾಕಿ ಭಾಗಿಸಿದರೆ ತಪ್ಪು ಉತ್ತರ ಬರುತ್ತೆ. ಆದ್ದರಿಂದ ಆಫರ್ ಬಂದಾಗ ರಿಕ್ರೂಟರ್‌ಗೆ ಹೀಗೆ ಕೇಳೋಣ: "ಸರ್, ಇದು ಯಾವ ಬ್ಯಾಂಡ್? ಅದರ ಕನಿಷ್ಠ-ಗರಿಷ್ಠ ಎಷ್ಟು? ನನ್ನ ಫಿಕ್ಸೆಡ್ ಅದರಲ್ಲಿ ಎಲ್ಲಿ ಬರುತ್ತೆ?" ಕೆಲವರು ಹೇಳ್ತಾರೆ, ಕೆಲವರು ಹೇಳಲ್ಲ. ಹೇಳಿದರೆ ಭಾಗಾಕಾರ ನಮ್ಮ ಕೈಲೇ ಇದೆ.