ಗಣಪತಿ ಪಟ್ಟಿಗೆ ಕ್ಯೂಆರ್ ಕಳಿಸುವ ಮುನ್ನ

ಯಾದಗಿರಿ, ಶಹಾಪುರ, ಸುರಪುರದ ಓಣಿಗಳಲ್ಲಿ ಗಣಪತಿ ಪಟ್ಟಿ ಈಗ ವಾಟ್ಸ್‌ಆ್ಯಪ್‌ನಲ್ಲೂ ಎತ್ತುತ್ತಾರೆ. ಬೆಂಗಳೂರು, ಪುಣೆಗೆ ದುಡಿಯಲು ಹೋದವರು ಅಲ್ಲಿಂದಲೇ ಹಣ ಹಾಕುತ್ತಾರೆ. ಆದರೆ ಗುಂಪಿಗೆ ಬರುವುದು ಬರೀ ಒಂದು ಕ್ಯೂಆರ್ ಚಿತ್ರ, ಅದರ ಕೆಳಗೆ ‘ಎಲ್ಲರೂ ಪಟ್ಟಿ ಹಾಕ್ರಿ’ ಎಂಬ ಒಂದು ಸಾಲು. ಖಾತೆ ಯಾರದು ಎಂಬುದೇ ಇರುವುದಿಲ್ಲ.

ನೋಂದಣಿಯಿಲ್ಲದ ಮಂಡಳಿಯ ಹೆಸರಲ್ಲಿ ಖಾತೆ ತೆರೆಯುವುದು ತೊಡಕಿನ ಕೆಲಸ. ಹಾಗಾಗಿ ಯಾರಾದರೊಬ್ಬರ ಸ್ವಂತ ಖಾತೆಯೇ ಗತಿ. ಅದು ಯಾರದೆಂದು ಸಭೆಯಲ್ಲೇ ನಿರ್ಧರಿಸಿ. ಮನೆ ಖರ್ಚಿನ ಖಾತೆ ಬೇಡ, ಹೆಚ್ಚು ವ್ಯವಹಾರವಿಲ್ಲದ ಬೇರೆ ಖಾತೆ ಇರಲಿ.

ಎಲ್ಲರೂ ಎಡವುವುದು ಹೆಸರಿನಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ, ಪಿನ್ ಒತ್ತುವ ಮೊದಲು, ಹಣ ಪಡೆಯುವವರ ಹೆಸರು ಪರದೆ ಮೇಲೆ ಬರುತ್ತದೆ. ಅದು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರೇ ಆಗಿರಬೇಕೆಂಬ ನಿಯಮ 2025ರ ಜೂನ್ ಕೊನೆಯಿಂದ ಇದೆ. ಆದರೆ ಓಣಿಯವರಿಗೆ ಗೊತ್ತಿರುವುದು ‘ಮಲ್ಲಣ್ಣ’, ಬ್ಯಾಂಕಿನಲ್ಲಿರುವುದು MALLIKARJUN S. ಕೆಲವೊಮ್ಮೆ ಖಾತೆ ಹೆಂಡತಿಯ ಹೆಸರಲ್ಲಿರುತ್ತದೆ. ಗುರುತಿಲ್ಲದ ಹೆಸರು ಕಂಡರೂ ‘ಯಾರೋ ಮಂಡಳಿಯವರೇ ಇರಬೇಕು’ ಎಂದು ಜನ ಪಿನ್ ಒತ್ತಿಬಿಡುತ್ತಾರೆ. ಯಾರಾದರೂ ಅದೇ ಸಂದೇಶಕ್ಕೆ ತಮ್ಮ ಕ್ಯೂಆರ್ ಅಂಟಿಸಿ ಮುಂದೆ ಕಳಿಸಿದರೆ ಮೋಸ ಆಗುವುದು ಇಲ್ಲೇ. ಅದಕ್ಕೇ ಸಂದೇಶ ಹೀಗಿರಲಿ:

‘ನಮ್ಮ ಓಣಿಯ ಗಣಪತಿ ಪಟ್ಟಿ. ಮನೆಗೆ 500 ರೂಪಾಯಿ, ಚೌತಿಯ ಹಿಂದಿನ ದಿನದವರೆಗೆ. ಹಣ ಖಜಾಂಚಿ ಮಲ್ಲಣ್ಣನವರ ಖಾತೆಗೆ. ಪರದೆಯಲ್ಲಿ MALLIKARJUN S ಎಂದೇ ಬರಬೇಕು. ಬೇರೆ ಹೆಸರು ಬಂದರೆ ಹಣ ಹಾಕಬೇಡಿ. ಈ ಖಾತೆ ಬದಲಾಗುವುದಿಲ್ಲ. ಟಿಪ್ಪಣಿಯಲ್ಲಿ ನಿಮ್ಮ ಹೆಸರು ಬರೆಯಿರಿ.’

ಮೋಸ ಮಾಡುವವನು ಈ ಹೆಸರನ್ನೂ ತಿದ್ದಬಲ್ಲ. ಆದ್ದರಿಂದ ಅದನ್ನು ಸಭೆಯಲ್ಲಿ ಓದಿ ಹೇಳಿ, ಪೆಂಡಾಲಿನ ಫಲಕದಲ್ಲೂ ಬರೆಯಿರಿ. ಅನುಮಾನ ಬಂದವರು ಸಂದೇಶದಲ್ಲಿರುವ ನಂಬರಿಗೆ ಅಲ್ಲ, ತಮ್ಮ ಫೋನಿನಲ್ಲಿ ಮೊದಲೇ ಇರುವ ಖಜಾಂಚಿಯ ನಂಬರಿಗೆ ಕರೆ ಮಾಡಿ ಕೇಳಲಿ. ಫಲಕಕ್ಕೆ ಹಚ್ಚಿದ ಕ್ಯೂಆರ್ ಮೇಲೆ ಬೇರೆ ಚೀಟಿ ಅಂಟಿಸಿರಬಹುದು. ದಿನಾ ಬೆಳಿಗ್ಗೆ ಒಂದು ರೂಪಾಯಿ ಹಾಕಿ, ಅದು ಖಜಾಂಚಿಯ ಖಾತೆಗೇ ಬಂತೇ ಎಂದು ನೋಡಿ.

ಪಾಸ್‌ಬುಕ್ಕಿನ ಮೊದಲ ಪುಟ, ಸಹಿ ಇರುವ ಚೆಕ್, ಆಧಾರ್: ಇವುಗಳ ಫೋಟೊ ಗುಂಪಿಗೆ ಹಾಕಲೇಬೇಡಿ. ಹಣ ಪಡೆಯಲು ಇದ್ಯಾವುದೂ ಬೇಕಿಲ್ಲ, ಪಿನ್ ಕೂಡ ಬೇಕಿಲ್ಲ.

ಖಜಾಂಚಿಗೆ ಎರಡು ಮಾತು. ಸ್ಕ್ರೀನ್‌ಶಾಟ್ ನೋಡಿ ರಸೀದಿ ಕೊಡಬೇಡಿ, ಖಾತೆಯಲ್ಲಿ ಹಣ ಬಂದದ್ದನ್ನು ನೋಡಿ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ವಹಿಗೆ ಬರೆಯಿರಿ. ‘500ರ ಬದಲು 5,000 ಹಾಕಿಬಿಟ್ಟೆ, ವಾಪಸ್ ಕಳಿಸಿ’ ಎಂಬ ಫೋನ್ ಬಂದರೆ ಎಸ್‌ಎಂಎಸ್ ನಂಬದೆ ಮೊದಲು ಬ್ಯಾಲೆನ್ಸ್ ನೋಡಿ.

ಹಣ ತಪ್ಪು ಕೈಗೆ ಹೋಗಿದ್ದರೆ ಗುಂಪಿನಲ್ಲಿ ಚರ್ಚಿಸುತ್ತ ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.